ರುದ್ರವ್ವನ ಪಂಪು, ಕಪಲಿಯ ಚೀಲ

ಎರಡನೇ ಮಹಾಯುದ್ಧದ ಕಾಲ. ಕೊಪ್ಪಳದ ಅಂಗಡಿಗಳಿಗೆ ಮುಂಬೈಯಿಂದ ಸಾಮಾನು ಬರುವುದೇ ನಿಂತಿತ್ತು. ಪಕ್ಕದ ಮನೆಯ ರುದ್ರವ್ವನ ಕೈಪಂಪು ಎಷ್ಟು ಒತ್ತಿದರೂ ಬರೀ ಉಸಿರು ಬಿಡುತ್ತಿತ್ತು. ನಾನೂ ಬಡಿಗತನ ಮಾಡುವ ಗೆಳೆಯ ಇಮಾಮನೂ ಬಿಚ್ಚಿ ನೋಡಿದೆವು. ಕೊಳವೆಯೊಳಗೆ ಮೇಲೆ ಕೆಳಗೆ ಆಡುವ, ಬಟ್ಟಲಿನಂಥ ಚರ್ಮದ ವಾಷರ್ ಸವೆದು ಹರಿದಿತ್ತು. ಅದರ ಅಂಚು ಕೊಳವೆಗೆ ಬಿಗಿಯಾಗಿ ಕೂಡದಿದ್ದರೆ ಗಾಳಿ ನುಸುಳುತ್ತದೆ, ನೀರು ಏರುವುದಿಲ್ಲ.

"ನೀರಾಗ ಪಳಗಿದ ದಪ್ಪ ಚರ್ಮ ಬೇಕು," ಅಂದ ಇಮಾಮ.

ರುದ್ರವ್ವ ಕೊಟ್ಟಿಗೆಗೆ ಹೋದಳು. ಗಂಡ ಎತ್ತು ಹೂಡಿ ಬಾವಿಯಿಂದ ನೀರೆತ್ತುತ್ತಿದ್ದ ಕಪಲಿಯ ಚರ್ಮದ ಚೀಲ ತಂದಿಟ್ಟಳು. ಅವನು ಸತ್ತಾಗಿನಿಂದ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. "ಕೊಯ್ರಪಾ," ಅಂದು ಮುಖ ತಿರುಗಿಸಿದಳು.

ಚರ್ಮ ನೆನೆಸಿ, ಗುಂಡಗೆ ಕೊಯ್ದು, ಇಮಾಮ ಕೆತ್ತಿದ ಮರದ ಅಚ್ಚಿನಲ್ಲಿ ಒತ್ತಿ, ಒಣಗಿದ ಮೇಲೆ ಎಣ್ಣೆ ಕುಡಿಸಿ ಕೂಡಿಸಿದೆವು. ಪಂಪಿನ ಬಾಯಿಗೆ ಒಂದು ತಂಬಿಗೆ ನೀರು ಸುರಿದು ಹಿಡಿ ಒತ್ತಿದಾಗ ನೀರು ಧುಮುಕಿತು. ರುದ್ರವ್ವ ಬೊಗಸೆ ಒಡ್ಡಿ ಬಹಳ ಹೊತ್ತು ನಿಂತಳು. ಕುಡಿಯಲಿಲ್ಲ.

ನಮಗಿಬ್ಬರಿಗೂ ಒಂದೇ ವಿಚಾರ ಹೊಳೆದಿತ್ತು. ಊರಾಗಿನ ಪಂಪುಗಳಿಗೆ ವಾಷರ್ ಇಲ್ಲ, ಕೊಟ್ಟಿಗೆಗಳಲ್ಲಿ ಹಳೆ ಚೀಲ ಸುಮ್ಮನೆ ಬಿದ್ದಿವೆ.

"ಅವ್ವಾರ, ಉಳಿದ ಚರ್ಮ ನಮಗ ಮಾರ್ರಿ. ವಾಷರ್ ಮಾಡಿ ಅಂಗಡಿ ಇಡ್ತೀವಿ," ಅಂದೆ.

"ಅಂಗಡಿ ಇಡ್ರಪಾ. ಆದ್ರ ಈ ಚೀಲ ಮಾರಂಗಿಲ್ಲ. ನಮ್ಮ ಯಜಮಾನ್ರು ನನ್ನ ಮನಿ ನೀರಷ್ಟ ಎತ್ತತಾರ, ಊರ ನೀರಲ್ಲ."

ಬೇರೆಯವರ ಚೀಲ ಕೊಂಡು ಅಂಗಡಿ ಇಟ್ಟೆವು, ಛಲೋ ನಡೆಯಿತು. ರುದ್ರವ್ವ ಮಾತ್ರ ವಾಷರ್ ಸವೆದಾಗಲೆಲ್ಲ ಆ ಚೀಲವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಅದರಿಂದಲೇ ಹೊಸದನ್ನು ಕೊಯ್ಯಿಸಿಕೊಳ್ಳುತ್ತಿದ್ದಳು. ನಮ್ಮ ಮೊದಲ ಗಿರಾಕಿ ನಮ್ಮ ಮಾಲನ್ನು ಒಮ್ಮೆಯೂ ಕೊಳ್ಳಲಿಲ್ಲ.