ಯಜ್ಞೇಶನ ಸಂಬಳದ ಪತ್ರ

ಗಲ್ಫಿನ ಮೆಸಯೀದ್‌ನ ಗುತ್ತಿಗೆ ಕಂಪನಿಯೊಂದರಲ್ಲಿ ಪೀಟರ್ ಸಿಕ್ವೇರ ಎಚ್‌ಆರ್ ಗುಮಾಸ್ತ. ನೌಕರರ ಸಂಬಳ ಪತ್ರ ಟೈಪಿಸಿ ಮ್ಯಾನೇಜರರ ಸಹಿ ಹಾಕಿಸುವುದು ಅವನ ಕೆಲಸ. ಒಂದು ಮಧ್ಯಾಹ್ನ ಫಿಟ್ಟರ್ ಯಜ್ಞೇಶ್ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಪೀಟರಣ್ಣ, ಮಗಳು ಗ್ರೀಷ್ಮಾಳ ಸ್ಕಾಲರ್‌ಶಿಪ್ಪಿಗೆ ಸಂಬಳದ ಲೆಟರ್ ಬೇಕಿತ್ತು. ಅರ್ಧ ಸಂಬಳ ಅಂತ ಬರೆದ್ರೆ ಆಯ್ತು. ಬಾಕಿದ್ದು ಊರಿನ ಏಜೆಂಟ್ ನೋಡಿಕೊಳ್ತಾನಂತೆ."

ಬೇರೆ ಯಾರಾದರೂ ಆಗಿದ್ದರೆ ಪೀಟರ್ ಅಲ್ಲಿಂದಲೇ ಕಳಿಸಿಬಿಡುತ್ತಿದ್ದ. ಇವನು ಯಜ್ಞೇಶ್. ಇಬ್ಬರೂ ಒಂದೇ ವರ್ಷ ಬಂದು ಕಾರ್ಮಿಕರ ಕ್ಯಾಂಪಿನ ಒಂದೇ ಕೋಣೆಯಲ್ಲಿ ಮಲಗಿದವರು. ಪೀಟರನಿಗೆ ಸೀತಾಳೆ ಸಿಡುಬು ಎದ್ದಾಗ ಉಳಿದವರೆಲ್ಲ ಹಾಸಿಗೆ ಎತ್ತಿಕೊಂಡು ಹೋದರೂ ಇವನೊಬ್ಬ ಗಂಜಿ ಬೇಯಿಸುತ್ತ ಉಳಿದಿದ್ದ. ಗ್ರೀಷ್ಮಾ ಹುಟ್ಟಿದ ದಿನ ಕಾಲಿಂಗ್ ಕಾರ್ಡಿನ ನಂಬರ್ ಉಜ್ಜಿ ತೆಗೆದು ಊರಿಗೆ ಫೋನ್ ಹಚ್ಚಿ, ರಿಸೀವರನ್ನು ಇಬ್ಬರ ಕಿವಿಗೂ ತಾಗುವಂತೆ ಹಿಡಿದು ಆ ಮಗುವಿನ ಅಳು ಕೇಳಿದ್ದರು. ಅದು ನೆನಪಾಗಿ ಪೀಟರನ ಬೆರಳು ತಾನಾಗಿಯೇ ಕೀಲಿಮಣೆಗೆ ಹೋಯಿತು. ಅರ್ಧ ಸಂಬಳದ ಪತ್ರ ಪ್ರಿಂಟಾಗಿ ಹೊರಬಂತು.

ಸೀಲು ತೆಗೆಯುವಾಗ ಅವನು ಕೇಳಿದ, "ಅರ್ಜಿಗೆ ಸಹಿ ಯಾರು ಹಾಕೋದು?"

"ಗ್ರೀಷ್ಮಾಳೇ."

ಸೀಲು ಡ್ರಾಯರಿಗೆ ಮರಳಿತು. "ಬೇಡ ಮಾರಾಯ. ನಮ್ಮ ಸಂಬಳ ಬ್ಯಾಂಕಿಗೇ ಬೀಳೋದು, ದಾಖಲೆ ಸರ್ಕಾರದ ಹತ್ರ ಇದೆ. ಸುಳ್ಳು ಪತ್ರ ಕೊಟ್ರೆ ಇಲ್ಲಿ ನನಗೂ ನಿನಗೂ ಕೇಸು, ಕೆಲಸ ಖಲಾಸ್. ಊರಲ್ಲಿ ಫೋರ್ಜರಿ ಅಂತ ಮಗಳ ಮೇಲೇ ಕೇಸಾಗಬಹುದು. ಸ್ಕಾಲರ್‌ಶಿಪ್ಪೂ ವಾಪಸ್ ಕಟ್ಟಬೇಕಾಗ್ತದೆ."

ಯಜ್ಞೇಶ್ ಎದ್ದು ನಿಂತ. "ನಿಮಗೆ ನನ್ನ ಗಂಜಿ ಮರೆತುಹೋಯ್ತಾ?"

"ಮರೆತಿಲ್ಲ. ಅದಕ್ಕೇ ಹೇಳೋದು."

ಪೀಟರ್ ಪತ್ರವನ್ನು ಹರಿದು ನಿಜವಾದ ಸಂಬಳದ್ದು ಟೈಪಿಸಿ, ಮ್ಯಾನೇಜರರ ಸಹಿ ಹಾಕಿಸಿದ. ಮುಂದಿನದನ್ನು ಯಜ್ಞೇಶನ ಹೆಂಡತಿಗೆ ಫೋನಿನಲ್ಲಿ ಬಿಡಿಸಿ ಹೇಳಿದ: ಆಧಾರ್, ರೇಷನ್ ಕಾರ್ಡು ಮತ್ತು ಈ ಪತ್ರ ಹಿಡಿದು ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬೇಕು, ಗಂಡನ ಗಲ್ಫ್ ಸಂಬಳವನ್ನೂ ತೋರಿಸಬೇಕು. ಗ್ರಾಮ ಆಡಳಿತಾಧಿಕಾರಿ ವಿಚಾರಿಸುತ್ತಾರೆ, ಆಮೇಲೆ ತಹಶೀಲ್ದಾರರ ಕಚೇರಿಯಿಂದ ನಂಬರಿರುವ ಪ್ರಮಾಣಪತ್ರ ಬರುತ್ತದೆ. ಆ ನಂಬರನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ಪರಿಶೀಲಿಸಬಹುದು.

ಪ್ರಮಾಣಪತ್ರ ಬಂತು. ಆದಾಯ ಮಿತಿ ಮೀರಿದ್ದರಿಂದ ಏಜೆಂಟ್ ಹೇಳಿದ್ದ ವಿದ್ಯಾರ್ಥಿವೇತನ ಸಿಗಲಿಲ್ಲ. ಯಜ್ಞೇಶ್ ಕೆಲವು ವಾರ ಪೀಟರನ ಕಡೆ ತಲೆಯೆತ್ತಿ ನೋಡಲೂ ಇಲ್ಲ. ಅಷ್ಟರಲ್ಲಿ ಗ್ರೀಷ್ಮಾಳೇ ಹುಡುಕಿ, ಆದಾಯ ಮಿತಿ ಹೆಚ್ಚಿದ್ದ, ಅಂಕ ನೋಡಿ ಕೊಡುವ ಇನ್ನೊಂದು ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಪ್ರಮಾಣಪತ್ರ ಹಚ್ಚಿದಳು. ಅದು ಸಿಕ್ಕಿತು.

ಆ ಶುಕ್ರವಾರ ಯಜ್ಞೇಶ್ ಐನ್ ಖಾಲಿದ್ ಬಡಾವಣೆಯಲ್ಲಿದ್ದ ಪೀಟರನ ಮನೆಗೆ ಬಂಗುಡೆ ಹಿಡಿದು ಬಂದ. ಪೀಟರನ ಹೆಂಡತಿ ಮಟಿಲ್ಡಾಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ, ಕ್ಯಾಂಪಿನ ಕಾಲದಂತೆ ಇಬ್ಬರೇ ಮೀನು ಕೊಯ್ಯಲು ಕೂತರು. ಖಾರ ಎಷ್ಟು ಹಾಕುವುದೆಂದು ಅಂದಿನಂತೆಯೇ ಜಗಳವಾಯಿತು.