ಅಕ್ಕ ರೊಟ್ಟಿ ಬಿಟ್ಟ ವಾರ

ನನ್ನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಬೈಲಹೊಂಗಲದ ಆಸ್ಪತ್ರೆಯ ಡಯಾಲಿಸಿಸ್ ಮಂಚ ನನಗೆ ಎರಡನೇ ಮನೆಯಾಯಿತು. ವಾರಕ್ಕೆರಡು ಸಲ ಹೋಗಿ ಮಲಗುತ್ತೇನೆ, ಯಂತ್ರ ರಕ್ತ ತೊಳೆದು ಕಳಿಸುತ್ತದೆ, ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತರೆ ಕೈ ನಡುಗುತ್ತದೆ. ಜಂಪರ್ ಹೊಲಿಯುವ ದರ್ಜಿಗೆ ಕೈ ನಡುಗಿದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋದರು ಕೂಡ. ಅದರ ಸಿಟ್ಟನ್ನು ಹೆಂಡತಿಯ ಮೇಲೆ ಹಾಕಿ, ಆಮೇಲೆ ಅವಳ ಮುಖ ನೋಡಲಾರದೆ ಗೋಡೆಯ ಕಡೆ ಹೊರಳುವುದು ನನ್ನ ರೂಢಿ.

ಕಿಡ್ನಿ ಕೊಡಲು ಹೆಂಡತಿಯ ರಕ್ತದ ಗುಂಪು ನನಗೆ ಹೊಂದಲಿಲ್ಲ. ತಾಯಿ ತಂದೆ ಇಲ್ಲ. ಉಳಿದವಳು ದೊಡವಾಡಕ್ಕೆ ಕೊಟ್ಟ ಅಕ್ಕ ಒಬ್ಬಳೇ. ಕೇಳುವ ಮೊದಲೇ ಅವಳು ಕಿಡ್ನಿ ಕೊಡುತ್ತೇನೆಂದಳು, ಹೊಲದಿಂದ ಒಂದು ಬುಟ್ಟಿ ಮೆಣಸಿನಕಾಯಿ ಕಳಿಸಿಕೊಡುವವಳ ಹಾಗೆ. ಮಾವ, ಅಂದರೆ ಅಕ್ಕನ ಗಂಡ, ಕಡೆಗೆ ಆಗಲಿ ಅಂದ. ಅವನದು ಒಂದೇ ಷರತ್ತು: ಅವಳ ಮೈಗೆ ಏನೂ ಆಗಬಾರದು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನ ತಪಾಸಣೆ ಶುರುವಾಯಿತು. ರಕ್ತ ಹೊಂದಿತು, ಕಿಡ್ನಿಗಳು ಗಟ್ಟಿ ಇದ್ದವು. ಉಳಿದದ್ದು ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆಯ ಪರೀಕ್ಷೆ. ಸಕ್ಕರೆ ಕಾಯಿಲೆ ಇರುವವರ ಕಿಡ್ನಿ ತೆಗೆಯುವುದಿಲ್ಲ, ಉಳಿಯುವ ಒಂದು ಕಿಡ್ನಿಯೂ ಮುಂದೆ ಹಾಳಾಗಬಹುದು ಎಂದು ನರ್ಸ್ ತಿಳಿಸಿದಳು. ಮುಂದಿನ ವಾರ ಬನ್ನಿ, ಅಲ್ಲಿಯವರೆಗೆ ಎಂದಿನಂತೆ ರೊಟ್ಟಿ ಅನ್ನ ಊಟ ಮಾಡಿ, ಕಡೆಯ ರಾತ್ರಿ ಮಾತ್ರ ಉಪವಾಸ ಇರಿ ಎಂದೂ ಹೇಳಿದಳು. ಅಕ್ಕ ತಲೆ ಆಡಿಸಿದಳು. ಆದರೆ ಅವಳ ಮನಸ್ಸಿನಲ್ಲಿ ನಿಂತದ್ದು ಮೊದಲಿನ ಮಾತು ಮಾತ್ರ.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಳು, ಗ್ಲೂಕೋಸ್ ನೀರನ್ನು ಮೂಗು ಮುಚ್ಚಿಕೊಂಡು ಕುಡಿದಳು, ಎರಡು ತಾಸು ಬಿಟ್ಟು ಮತ್ತೆ ಕೈ ಚಾಚಿದಳು. ಮುಖ ಬಾಡಿತ್ತು. ರಾತ್ರಿ ಉಣ್ಣದ್ದಕ್ಕೆ ಇರಬೇಕು ಅಂದುಕೊಂಡೆ.

ಡಾಕ್ಟರ್ ರಿಪೋರ್ಟನ್ನು ಎರಡೆರಡು ಸಲ ನೋಡಿದರು. ಹಸಿದ ಹೊಟ್ಟೆಯ ಸಕ್ಕರೆ ಚೆನ್ನಾಗಿತ್ತು, ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯೂ ಚೆನ್ನಾಗಿತ್ತು. ಎರಡು ತಾಸಿನ ನಂತರದ್ದು ಮಾತ್ರ ಸಕ್ಕರೆ ಕಾಯಿಲೆಯವರಲ್ಲಿ ಬರುವಷ್ಟು ಏರಿತ್ತು. ಊಟ ಎಂದಿನಂತೆ ಮಾಡಿದ್ದಿರಾ ಎಂದು ಕೇಳಿದರು. ಹೌದು ಅಂದಳು ಅಕ್ಕ, ನೆಲ ನೋಡುತ್ತ. ಹಾಗಿದ್ದರೆ ಈಗ ಇವರ ಕಿಡ್ನಿ ತೆಗೆದುಕೊಳ್ಳಲಾಗದು, ಬೇರೆ ಯಾರಾದರೂ ಇದ್ದಾರಾ ನೋಡಿ ಅಂದರು. ಹೊರಗೆ ಕೂತಿದ್ದ ಮಾವನಿಗೆ, ಇವರ ಸಕ್ಕರೆಯ ಮೇಲೆ ನಿಗಾ ಇರಲಿ ಎಂದು ಬೇರೆಯಾಗಿ ಹೇಳಿದರು. ಬೇರೆ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತು ಬಂದೆವು. ಅಂದು ನಾನು ನಿಜವಾಗಿಯೂ ಸತ್ತೆ ಅನಿಸಿತು, ಹೊತ್ತೊಯ್ಯುವುದಷ್ಟೇ ಬಾಕಿ.

ಕೆಲವು ದಿನ ಬಿಟ್ಟು ಅಕ್ಕನಿಗೆ ಸಮಾಧಾನ ಹೇಳಲು ದೊಡವಾಡಕ್ಕೆ ಹೋದೆ. ಸಮಾಧಾನ ಹೇಳುವ ಮುಖವೇ ನನ್ನದು! ಅಕ್ಕನ ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ದೇವರಿಗೂ ಕಣ್ಣಿಲ್ಲ ಎಂದು ಶುರು ಮಾಡಿದಳು. ನಮ್ಮಲ್ಲಿ ಸೋಮವಾರ ಒಪ್ಪತ್ತು ಇರುವುದು ಹೊಸದಲ್ಲ, ಆದರೆ ಸೊಸೆ ತಮ್ಮನಿಗಾಗಿ ಪರೀಕ್ಷೆಗೆ ಮೊದಲಿನ ಇಡೀ ವಾರ ವ್ರತ ಹಿಡಿದಿದ್ದಳಂತೆ. ರೊಟ್ಟಿ ಇಲ್ಲ, ಅನ್ನ ಇಲ್ಲ, ಹಾಲೂ ಇಲ್ಲ. ಬೇಯಿಸಿದ ಸೊಪ್ಪು, ನೀರು ಮಜ್ಜಿಗೆ, ಒಂದು ಚೂರು ಸೌತೆಕಾಯಿ. ವ್ರತ ಅಂದ ಮೇಲೆ ಉಣ್ಣು ಎಂದು ಯಾರು ಒತ್ತಾಯ ಮಾಡುತ್ತಾರೆ?

ನಾನು ಒಳಗೆ ಹೋಗಿ ಕೇಳಿದೆ. ಒಲೆಯ ಮುಂದಿದ್ದ ಅಕ್ಕ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತಳು.

"ಓಣ್ಯಾಗ ಎಲ್ಲಾರೂ ಹೇಳತಾರಲ್ಲೋ ತಮ್ಮಾ, ಅನ್ನ ರೊಟ್ಟಿ ತಿಂದ್ರ ಸಕ್ಕರಿ ಏರತೈತಿ ಅಂತ. ಏನೂ ತಿನ್ನಲಿಲ್ಲ ಅಂದ್ರ ಸಕ್ಕರಿ ಎಲ್ಲಿಂದ ಬರತೈತಿ ಅಂದ್ಕೊಂಡೆ. ನಿನ್ನ ಸಂಬಂಧ ರಕ್ತ ಚೊಕ್ಕ ಮಾಡ್ಕೊಂಡ ಹೋಗಿದ್ನೆಪಾ."

ಬೈಯಬೇಕು ಅನಿಸಿತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಮೊದಲು ಸಿಟ್ಟಾದರು, ಆಮೇಲೆ ಬಿಡಿಸಿ ಹೇಳಿದರು. ದಿನಗಟ್ಟಲೆ ರೊಟ್ಟಿ ಅನ್ನ ಸಿಗದಿದ್ದರೆ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಂಡು ದಿನ ದೂಡುತ್ತದೆ. ಸಕ್ಕರೆಯನ್ನು ರಕ್ತದಿಂದ ಒಳಗೆಳೆಯುವ ಇನ್ಸುಲಿನ್ ಬಿಡುವುದರಲ್ಲಿ ಮೈ ಮಂದವಾಗುತ್ತದೆ, ಸ್ನಾಯುಗಳೂ ಸಕ್ಕರೆ ತೆಗೆದುಕೊಳ್ಳಲು ಹಿಂದೆ ಸರಿಯುತ್ತವೆ. ಆಗ ಒಮ್ಮೆಲೇ ಗ್ಲೂಕೋಸ್ ಕುಡಿಸಿದರೆ ಅದು ರಕ್ತದಲ್ಲೇ ನಿಲ್ಲುತ್ತದೆ. ಕಾಯಿಲೆ ಇಲ್ಲದವರೂ ಕಾಯಿಲೆಯವರಂತೆ ಕಾಣುತ್ತಾರೆ. ನನಗೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆ ನೆನಪಾಯಿತು. ಕಬ್ಬು ಅರೆಯುವ ಹಂಗಾಮು ಮುಗಿದು ಕೆಲಸದವರು ಊರಿಗೆ ಹೋದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಒಮ್ಮೆಲೇ ಬಂದರೆ ರಸ್ತೆಯ ತುಂಬ ನಿಲ್ಲಲೇಬೇಕು. ಪರೀಕ್ಷೆಗೆ ಮೊದಲು ಕನಿಷ್ಠ ಮೂರು ದಿನ ರೊಟ್ಟಿ, ಅನ್ನ, ಬೇಳೆ ಹೊಟ್ಟೆ ತುಂಬ ಉಣ್ಣಲಿ, ಒಂದು ರಾತ್ರಿಯ ಉಪವಾಸ ಸಾಕು, ಮತ್ತೆ ನೋಡೋಣ ಅಂದರು ಡಾಕ್ಟರ್.

ಅಕ್ಕ ಉಂಡಳು. ಒಂದು ವಾರ ನಾನು ದಿನಾ ಫೋನ್ ಮಾಡಿ ಕೇಳಿದೆ, ಅವಳು ಪ್ರತಿ ತುತ್ತಿಗೂ ಹೆದರುತ್ತ ಉಂಡಳು. ಈ ಸಲದ ರಿಪೋರ್ಟ್ ಬಂದಾಗ ಎರಡು ತಾಸಿನ ಸಕ್ಕರೆಯೂ ಎಲ್ಲರಂತೆ ಇತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ನಾಚಿಕೆಯಿಲ್ಲದೆ ಅತ್ತೆ.

ಇನ್ನು ಉಳಿದದ್ದು ಮಾವನ ಒಪ್ಪಿಗೆಯ ಸಹಿ. ಗಂಡ ಒಪ್ಪದೆ ಆ ಆಸ್ಪತ್ರೆಯಲ್ಲಿ ಮುಂದಕ್ಕೆ ಹೋಗುತ್ತಿರಲಿಲ್ಲ. ಡಾಕ್ಟರ್ ಅವನನ್ನು ಕೂಡಿಸಿಕೊಂಡು ಎಲ್ಲವನ್ನೂ ಮತ್ತೊಮ್ಮೆ ವಿವರಿಸಿದರು. ಅವನು ಕೈಕಟ್ಟಿ ಕೇಳಿದ, ಹೊರಗೆ ಬಂದು ಪೆನ್ನನ್ನು ನನ್ನ ಕೈಗೆ ಕೊಟ್ಟ.

"ಹ್ವಾದ ಸಲ ಸಕ್ಕರಿ ಐತಿ ಅಂದ್ರು, ಈಗ ಇಲ್ಲ ಅಂತಾರ. ಉಪವಾಸ ಇದ್ರ ಸಕ್ಕರಿ ಏರತೈತಿ, ಉಂಡ್ರ ಇಳೀತೈತಿ ಅಂತಾರ. ಇದನ್ನ ನಾ ಹ್ಯಾಂಗ ನಂಬಲಿ? ನಾಳೆ ಇಕಿಗೆ ಏನರ ಆದ್ರ, ಮೊದಲ ಗೊತ್ತಿದ್ದೂ ಯಾಕ ಬಿಟ್ಟಿ ಅಂತ ಮಕ್ಕಳು ನನ್ನ ಕೇಳತಾವ. ನಿನ್ನ ಕಾಲ ಬೀಳತೇನಿ, ನನ್ನ ಕಡೆ ಸಹಿ ಕೇಳಬ್ಯಾಡ."

ನನ್ನ ನಾಲಿಗೆ ಹರಿತವೆಂದು ಪೇಟೆಗೆಲ್ಲ ಗೊತ್ತು. ಮಾವ ದುಷ್ಟನಾಗಿದ್ದರೆ ಜಗಳ ತೆಗೆಯಬಹುದಿತ್ತು. ಅವನು ಹೆಂಡತಿಯನ್ನು ಉಳಿಸಿಕೊಳ್ಳುತ್ತಿದ್ದ, ನಾನು ನನ್ನನ್ನು. ಹಸಿವೆಯಿಂದ ಹುಟ್ಟಿದ ಆ ತಪ್ಪು ರಿಪೋರ್ಟನ್ನು ಡಾಕ್ಟರು ರದ್ದು ಮಾಡಿದರು, ಅವನ ಎದೆಯಿಂದ ತೆಗೆಯಲು ಯಾರಿಂದಲೂ ಆಗಲಿಲ್ಲ. ಆಮೇಲೆ ಹಿರಿಯರನ್ನು ಕಳಿಸಿದೆ, ಅವರೂ ಚಹಾ ಕುಡಿದು ವಾಪಸು ಬಂದರು.

ಈಗ ನನ್ನ ಕೈಯ ರಕ್ತನಾಳ ಸೋಲುತ್ತಿದೆ, ಸೂಜಿ ಚುಚ್ಚಲು ಜಾಗ ಹುಡುಕುತ್ತಾರೆ. ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಹೆಸರಿದೆ. ಆ ಸಾಲು ಸರಿಯುವುದನ್ನು ನಾನು ಕಂಡಿಲ್ಲ.

ಮೊನ್ನೆ ಡಯಾಲಿಸಿಸ್ ಮಂಚದ ಮೇಲಿದ್ದಾಗ ಅಕ್ಕನ ಫೋನ್ ಬಂತು. ಮಾವ ಹೊಲಕ್ಕೆ ಹೋದ ಹೊತ್ತು ನೋಡಿ ಮಾಡಿದ್ದಳು. ದನಿ ತಗ್ಗಿಸಿ ಕೇಳಿದಳು:

"ತಮ್ಮಾ, ಅವರಿಗೆ ನಂಬಿಕಿ ಬರೂ ಹಂಗ ಇನ್ನೊಮ್ಮೆ ಪರೀಕ್ಷಾ ಮಾಡಸೂಣೇನು? ನಾ ದಿನಾ ಎರಡ ರೊಟ್ಟಿ ಹೆಚ್ಚಿಗಿನ ಉಣ್ಣಾಕತ್ತೇನಿ."