ಹಣೆಯ ಎಣ್ಣೆ ತೆಗೆಸಿದ ಫೋಟೋ

ಮದುವೆ ಆಲ್ಬಂ ಮಾಡಿಸಲು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವವರು ಕೂರುವ ಮೊದಲೇ ಹೇಳುವ ಮಾತೊಂದಿದೆ: "ಮುಖದಲ್ಲಿರೋ ಎಣ್ಣೆ ತೆಗ್ದುಬಿಡಿ ಮೇಡಂ." ಅದೇನು ಬಾಣಲೆಯೇ ತೆಗೆಯಲಿಕ್ಕೆ? ಚಿಂತಾಮಣಿಯ ಬೇಸಿಗೆ, ಫ್ಯಾನು ತಿರುಗಿದರೂ ಗಾಳಿ ಬಾರದ ಛತ್ರ, ಹಿಂದಿನ ದಿನದ ಅರಿಶಿನ ಎಣ್ಣೆ ಶಾಸ್ತ್ರ, ಹೋಮದ ಬಿಸಿ. ಇಷ್ಟೆಲ್ಲ ಸೇರಿದ ಮೇಲೆ ಯಾವ ಮದುಮಗಳ ಹಣೆ ಹೊಳೆಯದೆ ಇರುತ್ತದೆ? ಅದರ ಮೇಲೆ ನನ್ನ ಗಂಡನ ಫ್ಲ್ಯಾಷು ಬೇರೆ. ಫೋಟೋ ತೆಗೆಯುವವನು ಅವನು, ಕಂಪ್ಯೂಟರಿನಲ್ಲಿ ಕೂತು ತಿದ್ದುವವಳು ನಾನು. ಕ್ಲಿಕ್ಕಿಸುವ ಮೊದಲು ಹುಡುಗಿಯ ಕೈಗೆ ಒಂದು ಟಿಶ್ಯೂ ಕೊಟ್ಟು ಹಣೆ ಮೂಗು ಒತ್ತಿಕೊಳ್ಳಮ್ಮ ಅನ್ನು ಎಂದು ಹದಿನಾಲ್ಕು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. "ನೀನಿದ್ದೀಯಲ್ಲ, ತೆಗೀತೀಯ ಬಿಡು" ಅನ್ನುತ್ತಾನೆ. ನನ್ನ ಸೊಂಟ ಆ ಕುರ್ಚಿಯಲ್ಲಿ ಬಿದ್ದುಹೋಗಿರುವುದು ಅವನ ಆ ಒಂದು ಮಾತಿನಿಂದ.

ಹೊಳಪು ತೆಗೆಯುವ ಕೆಲಸ ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಮೂಲ ಫೋಟೋವನ್ನು ಮುಟ್ಟುವುದಿಲ್ಲ. ಅದರ ಮೇಲೆ ಒಂದು ಖಾಲಿ ಲೇಯರ್ ಹಾಕುತ್ತೇನೆ, ಫೋಟೋದ ಮೇಲೆ ಗಾಜಿನ ಹಾಳೆ ಇಟ್ಟ ಹಾಗೆ. ಆ ಲೇಯರನ್ನು 'ಡಾರ್ಕನ್', ಅಂದರೆ ಕಪ್ಪಾಗಿಸುವ, ಮೋಡ್‌ಗೆ ಬದಲಿಸುತ್ತೇನೆ. ಆಮೇಲೆ ಹೊಳಪಿನ ಪಕ್ಕದಲ್ಲೇ ಇರುವ ಸರಿಯಾದ ಚರ್ಮದ ಬಣ್ಣವನ್ನು ಆರಿಸಿಕೊಂಡು ಮೃದುವಾದ ಬ್ರಷ್ಷಿನಿಂದ ಹೊಳಪಿನ ಮೇಲೆ ಸವರುತ್ತೇನೆ. ಆ ಮೋಡ್‌ನ ಗುಣ ಏನೆಂದರೆ, ನಾನು ಆರಿಸಿದ ಬಣ್ಣಕ್ಕಿಂತ ಬೆಳ್ಳಗಿರುವುದನ್ನು ಮಾತ್ರ ಅದು ಮುಚ್ಚುತ್ತದೆ. ಹುಬ್ಬು, ಚರ್ಮದ ಸಣ್ಣ ರಂಧ್ರ, ಮಚ್ಚೆ, ಹೀಗೆ ಕಪ್ಪಗಿರುವುದೆಲ್ಲ ಹಾಗೇ ಉಳಿಯುತ್ತದೆ. ಕೆಲವರು 'ಮಲ್ಟಿಪ್ಲೈ' ಹಾಕಿ ಉಜ್ಜುತ್ತಾರೆ. ಅದು ಬಿಳಿ ಕಪ್ಪು ಅಂತ ನೋಡದೆ ಎಲ್ಲವನ್ನೂ ಕಪ್ಪಾಗಿಸಿ ಹಣೆಯ ಮೇಲೆ ಮಸಿ ಒರೆಸಿದ ಹಾಗೆ ಮಾಡುತ್ತದೆ.

ಸವರಿದ ಮೇಲೆ ನಿಜವಾದ ಕೆಲಸ. ಆ ಲೇಯರಿನ ಒಪಾಸಿಟಿಯನ್ನು, ಅಂದರೆ ಅದು ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವುದನ್ನು, ಶೇಕಡಾ ನಲವತ್ತು ಐವತ್ತಕ್ಕೆ ಇಳಿಸಬೇಕು. ಆಗ ಎಣ್ಣೆ ಹೋಗಿ ಬೆಳಕು ಉಳಿಯುತ್ತದೆ. ನೂರಕ್ಕೆ ಬಿಟ್ಟರೆ ಮೂಗಿನ ದಿಂಡು ಚಪ್ಪಟೆಯಾಗುತ್ತದೆ, ಹಣೆ ಮಣ್ಣು ಸಾರಿಸಿದ ಗೋಡೆಯಾಗುತ್ತದೆ. ಮುಖಕ್ಕೆ ಉಬ್ಬುತಗ್ಗು ಇದೆ ಎಂದು ಕಣ್ಣಿಗೆ ಹೇಳುವುದೇ ಆ ಚೂರು ಬೆಳಕು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ! ಎಲ್ಲರೂ ತಲೆಯಾಡಿಸಿ, "ಸರಿ ಮೇಡಂ, ಇನ್ನೂ ಒಂಚೂರು ತೆಗೀರಿ" ಅನ್ನುತ್ತಾರೆ.

ಇನ್ನೊಂದು ಎಚ್ಚರಿಕೆ ಬೇಕು. ಈ ಬ್ರಷ್ಷಿಗೆ ಬೆಳ್ಳಗಿರುವುದು ಹೊಳಪೋ ಮತ್ತೊಂದೋ ಗೊತ್ತಾಗುವುದಿಲ್ಲ. ಹೊಸತರಲ್ಲಿ ಒಬ್ಬ ಮದುಮಗನ ತಂದೆಯ ಹಣೆಯ ವಿಭೂತಿಯನ್ನು ಪೂರ್ತಿ ನುಂಗಿಸಿಬಿಟ್ಟಿದ್ದೆ. ಆ ಹಿರಿಯರು ಆಲ್ಬಂ ತಂದು ಕೌಂಟರಿನ ಮೇಲೆ ಕುಕ್ಕಿ ಹೋಗಿದ್ದರು. ಆಮೇಲಿಂದ ಹಣೆ ಎಂದರೆ ಹುಷಾರಾಗಿದ್ದೆ. ಮೂಗಿನ ವಿಷಯದಲ್ಲಿ ಎಡವಿದ್ದು ಹೋದ ವರ್ಷ.

ಶಿಡ್ಲಘಟ್ಟದ ಮನೆತನ. ಸೊಸೆ ಕೆಂಚಾರ್ಲಹಳ್ಳಿಯವಳು, ರೇಷ್ಮೆ ಹುಳು ಸಾಕುವವರ ಮಗಳು. ಮದುವೆ ನಮ್ಮೂರಿನ ಛತ್ರದಲ್ಲೇ ಆಗಿತ್ತು. ಹಜಾರದಲ್ಲಿ ಹಾಕಲು ಹುಡುಗಿಯದೊಂದು ದೊಡ್ಡ ಫೋಟೋ ಮಾಡಿಸಬೇಕೆಂದು ಮದುಮಗನ ಅಕ್ಕ ಬಂದರು, ಜೊತೆಗೆ ಆ ಹುಡುಗಿಯನ್ನೂ ಕರೆತಂದರು. ಹುಡುಗಿ ಹಿಂದಿನ ಬೆಂಚಿನ ಮೇಲೆ ಕೂತಳು. ಅಕ್ಕ ನನ್ನ ಕುರ್ಚಿಗೆ ಕುರ್ಚಿ ತಾಗಿಸಿ ಕೂತರು.

ಫೋಟೋ ತೆರೆದೆ. ಚೆನ್ನಾಗಿತ್ತು. ಹಣೆಯ ಮೇಲೆ ಎರಡು ಕಡೆ, ಮೂಗಿನ ಮೇಲೆ ಉದ್ದಕ್ಕೆ ಒಂದು ಗೆರೆ ಹೊಳೆಯುತ್ತಿತ್ತು. ಮೂಗಿನ ಪಕ್ಕದಲ್ಲಿ ಮೂಗುಬೊಟ್ಟಿನ ಕಲ್ಲು ಫ್ಲ್ಯಾಷಿಗೆ ಕಿಡಿ ಹಾರಿಸಿದ ಹಾಗಿತ್ತು. "ಕಲ್ಲು ಚೆನ್ನಾಗಿದೆ" ಎಂದೆ.

"ವಜ್ರ ಅಂತ ಇವರಮ್ಮ ಹೇಳಿದ್ರು. ನಾವೂ ನಂಬಿದೀವಿ" ಎಂದರು ಅಕ್ಕ. ಆ ನಂಬಿಕೆಯ ಧ್ವನಿ ಹೇಗಿತ್ತೆಂದರೆ, ಹಿಂದೆ ಕೂತಿದ್ದ ಹುಡುಗಿ ತಲೆ ತಗ್ಗಿಸಿಕೊಂಡಳು.

ಲೇಯರ್ ಹಾಕಿ, ಸವರಿ, ನಲವತ್ತೈದಕ್ಕೆ ಇಳಿಸಿ ತೋರಿಸಿದೆ. "ಇನ್ನೂ ಇದೆ ಮೇಡಂ, ಬೋಂಡ ಕರಿದಂಗಿದೆ" ಎಂದರು. ಅರವತ್ತು ಮಾಡಿದೆ. "ಮೂಗು ನೋಡಿ, ಮೂಗು." ಎಪ್ಪತ್ತೈದು ಮಾಡಿದೆ. ಇದಕ್ಕಿಂತ ಹೆಚ್ಚಾದರೆ ಮುಖ ಸತ್ತಂತೆ ಕಾಣುತ್ತದೆ ಎಂದು ಬಾಯಿಬಿಟ್ಟು ಹೇಳಿದೆ. "ದುಡ್ಡು ಕೊಡೋರು ನಾವು ತಾನೆ?" ಎಂದರು. ನನಗೆ ಕೋಪ ನೆತ್ತಿಗೇರಿತು. ತಗೊಳ್ಳಿ ಎಂದು ನೂರಕ್ಕೆ ಎಳೆದು, ಬ್ರಷ್ಷು ದೊಡ್ಡದು ಮಾಡಿ, ಮೂಗಿನ ಮೇಲೆಲ್ಲ ಪರಪರನೆ ಸವರಿಬಿಟ್ಟೆ. ಹೊಳಪು ಮಾಯವಾಯಿತು. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, "ಈಗ ಯಾಕೋ ಕಪ್ಪಗಾದ್ಲಲ್ಲ, ಒಂಚೂರು ಬೆಳ್ಳಗೆ ಮಾಡಿ" ಎಂದರು. ಇದ್ದ ಬೆಳಕನ್ನೆಲ್ಲ ತೆಗೆಸಿ ಕಪ್ಪಗಾದಳು ಅನ್ನುವವರಿಗೆ ಏನು ಹೇಳುವುದು? ಅದೊಂದನ್ನು ಮಾತ್ರ ನಾನು ಮಾಡಲಿಲ್ಲ. ಹುಡುಗಿಯನ್ನು "ನಿಂಗೆ ಸರಿನಾಮ್ಮ?" ಎಂದು ಕೇಳಿದೆ. ಅವಳು ಅತ್ತಿಗೆಯ, ಅಂದರೆ ಆ ಅಕ್ಕನ, ಮುಖ ನೋಡಿ "ಹೂಂ" ಅಂದಳು. ಪ್ರಿಂಟಿಗೆ ಕಳಿಸಿದೆ, ಫ್ರೇಮ್ ಹಾಕಿಸಿ ಕೊಟ್ಟೆ, ಪೀಡೆ ತೊಲಗಿತು ಎಂದುಕೊಂಡೆ.

ಎರಡು ವಾರದ ಮೇಲೆ ಹುಡುಗಿ ಒಬ್ಬಳೇ ಬಂದಳು. ತವರಿಗೆ ಹೋಗುವ ನೆವದಲ್ಲಿ ಬಸ್ ಸ್ಟ್ಯಾಂಡಿನಿಂದ ನೇರ ನಮ್ಮ ಅಂಗಡಿಗೆ ಬಂದಿದ್ದಳು. "ಅಕ್ಕ, ನನ್ನ ಫೋಟೋ ಮೊದ್ಲು ಹೆಂಗಿತ್ತೋ ಹಂಗೆ ಒಂದ್ಸಲ ತೋರ್ಸ್ತೀರಾ?" ಎಂದಳು.

ಯಾಕೆ ಎಂದು ಕೇಳಿದಾಗ ನಿಧಾನವಾಗಿ ಹೇಳಿದಳು. ಫ್ರೇಮ್ ಹಜಾರದಲ್ಲಿ ಹಾಕಿದ ದಿನ ಬಂದ ನೆಂಟರೊಬ್ಬರು ಮೂಗುಬೊಟ್ಟಿನ ಕಲ್ಲು ಯಾಕೆ ಹೀಗೆ ಮಂಕಾಗಿದೆ ಎಂದರಂತೆ. ಅಷ್ಟು ಸಾಕಾಯಿತು. ವಜ್ರವಾಗಿದ್ದರೆ ಇಷ್ಟು ದೊಡ್ಡ ಫೋಟೋದಲ್ಲಿ ಹೊಳೆಯದೆ ಇರುತ್ತಿತ್ತೇ ಎಂದು ಅತ್ತಿಗೆ ಶುರು ಮಾಡಿದರು. ಈಗ ಅತ್ತೆಯೂ ಅದನ್ನು ಕಳಚಿಕೊಡು, ಚಿನ್ನದ ಆಚಾರಿ ಹತ್ತಿರ ತೋರಿಸಿ ಬರೋಣ ಅನ್ನುತ್ತಿದ್ದಾರೆ.

"ತೋರಿಸಿಬಿಡಮ್ಮ, ನಿಜ ಗೊತ್ತಾಗತ್ತಲ್ಲ" ಎಂದೆ.

"ತೋರ್ಸೋದು ದೊಡ್ಡದಲ್ಲ ಅಕ್ಕ. ಅವ್ರು ಕೇಳಿದ್ರು ಅಂತ ಕಳಚಿ ಕೊಟ್ರೆ, ನಮ್ಮಮ್ಮ ಸುಳ್ಳು ಹೇಳಿರ್ಬೌದು ಅಂತ ನಾನೂ ಒಪ್ಪಿದಂಗೆ ತಾನೆ? ನಮ್ಮಮ್ಮ ತನಗೆ ಅಂತ ಒಂದು ಓಲೆ ಮಾಡಿಸ್ಕೊಂಡಿಲ್ಲ. ಅವಳನ್ನ ಆ ಮನೇಲಿ ಕಳ್ಳಿ ಮಾಡ್ತಾವ್ರೆ."

ಫೈಲ್ ತೆರೆದೆ. ಲೇಯರಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿದೆ. ಲೇಯರ್ ಮರೆಯಾಯಿತು, ಕಲ್ಲು ಝಗ್ಗನೆ ಹೊಳೆಯಿತು. ಮತ್ತೆ ಒತ್ತಿದೆ. ಕಲ್ಲಿನ ಜಾಗದಲ್ಲಿ ಚರ್ಮದ ಬಣ್ಣದ ಒಂದು ಮಂಕು ಚುಕ್ಕೆ, ಸುತ್ತಲಿನ ಚಿನ್ನವೂ ಮಾಸಿಹೋಗಿತ್ತು. ಕಲ್ಲನ್ನು ಕೊಂದದ್ದು ಯಾವ ಆಚಾರಿಯೂ ಅಲ್ಲ, ನಾನು. ಆ ಹೆಂಗಸಿನ ಮೇಲಿನ ಸಿಟ್ಟನ್ನು ಈ ಹುಡುಗಿಯ ಮೂಗಿನ ಮೇಲೆ ತೀರಿಸಿಕೊಂಡಿದ್ದೆ. ನನ್ನ ಮೇಲೆಯೇ ಎಷ್ಟು ಅಸಹ್ಯವಾಯಿತೆಂದರೆ ಅವಳ ಕಡೆ ತಿರುಗಲು ಆಗಲಿಲ್ಲ.

ಅವಳು ಪರದೆಯನ್ನೇ ನೋಡುತ್ತಿದ್ದಳು. "ಇದನ್ನ ನೀವೇ ಬಂದು ಅವ್ರಿಗೆ ಹೇಳ್ತೀರಾ ಅಕ್ಕ?" ಎಂದಳು.

ಗಂಡ ಕೇಳಿ, "ಹೊಸ ಪ್ರಿಂಟ್ ಹಾಕಿ ಕಳಿಸು ಸಾಕು. ನಮ್ದೇ ತಪ್ಪು ಅಂತ ಮನೆ ಬಾಗಿಲಿಗೆ ಹೋಗಿ ಹೇಳಿದ್ರೆ ನಾಳೆ ಆಲ್ಬಂ ಕೊಡೋರ್ಯಾರು?" ಎಂದ. ಟಿಶ್ಯೂ ಕೊಡದವನು ನನಗೆ ವ್ಯಾಪಾರ ಹೇಳಿಕೊಡಲು ಬಂದ! ಸುಮ್ಮನಿರು ಎಂದು ಬೈದೆ. ಲೇಯರಿಗೆ ಮಾಸ್ಕ್, ಅಂದರೆ ಬೇಡದ ಕಡೆ ಅದನ್ನು ಮರೆಮಾಡುವ ಮುಸುಕು, ಹಾಕಿ ಮೂಗುಬೊಟ್ಟಿನ ಜಾಗವನ್ನಷ್ಟೇ ಬಿಡಿಸಿದೆ, ಕಲ್ಲೂ ಚಿನ್ನವೂ ಮೊದಲಿನಂತೆ ಬಂದವು. ಒಪಾಸಿಟಿಯನ್ನು ಮೊದಲು ನಾನು ಹೇಳಿದ್ದ ನಲವತ್ತೈದಕ್ಕೇ ಇಳಿಸಿದೆ. ಹಣೆಯಲ್ಲಿ ಎಣ್ಣೆ ಕಾಣದಷ್ಟು, ಆದರೆ ಮುಖ ಮುಖದ ಹಾಗೆ ಕಾಣುವಷ್ಟು ಬೆಳಕು ನಿಂತಿತು. ಹೊಸ ಪ್ರಿಂಟನ್ನೂ ತಿದ್ದದ ಫೋಟೋದ ಪ್ರಿಂಟನ್ನೂ ಸುರುಳಿ ಸುತ್ತಿಕೊಂಡು, ಹುಡುಗಿ ತವರಿನಿಂದ ಮರಳಿದ ಮಾರನೆಯ ದಿನ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಹಜಾರದಲ್ಲಿ ಅತ್ತೆ, ಅತ್ತಿಗೆ, ಹುಡುಗಿ ಮೂವರೂ ಇದ್ದರು. ಎರಡು ಪ್ರಿಂಟುಗಳನ್ನೂ ಗೋಡೆಯ ಫ್ರೇಮಿನ ಕೆಳಗೆ ಹಿಡಿದು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಬೆಳ್ಳಗಿರುವುದನ್ನೆಲ್ಲ ಮುಚ್ಚುವ ಬ್ರಷ್ಷು ಅದು, ಕಲ್ಲಿನ ಹೊಳಪನ್ನೂ ಎಣ್ಣೆ ಎಂದೇ ಮುಚ್ಚಿತು, ನೋಡದೆ ಸವರಿದ್ದು ನಾನು, ತಪ್ಪು ನನ್ನದು ಎಂದೆ. ಇಷ್ಟು ದೊಡ್ಡವಳಾಗಿ ಮತ್ತೊಬ್ಬರ ಮನೆಯಲ್ಲಿ ನಿಂತು ತಪ್ಪು ಒಪ್ಪಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಮೂರನ್ನೂ ನೋಡಿದರು. "ಅಯ್ಯೋ, ಇಷ್ಟೇನಾ? ಇದಕ್ಕೆ ಸುಮ್ನೆ ಮಾತು ಬೆಳೀತಲ್ಲ. ಬಿಡಮ್ಮ, ಆಚಾರಿ ಹತ್ರ ಹೋಗೋದೆಲ್ಲ ಬೇಡ ಇನ್ನು" ಎಂದರು.

ಅತ್ತಿಗೆ ಹೊಸ ಪ್ರಿಂಟಿಗೆ ಮುಖ ತಾಗುವಷ್ಟು ಬಗ್ಗಿದರು. ಇನ್ನೇನು, ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನಾನು ಕಾದೆ. "ಅದೇನೋ ಸರಿ. ಆದ್ರೆ ಮೂಗಲ್ಲಿ ಮತ್ತೆ ಎಣ್ಣೆ ಬಂತಲ್ಲ ಮೇಡಂ?" ಎಂದರು. ಆ ಪ್ರಿಂಟನ್ನು ಅವರ ತಲೆಗೇ ಸುತ್ತಬೇಕು ಅನ್ನಿಸಿತು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದಳು. ಮೂಗಿನೊಳಗೆ ಬೆರಳಿಟ್ಟು ತಿರುಪು ಬಿಚ್ಚಿದಳು. ಹೊಸ ಮದುಮಗಳು, ಎಲ್ಲರೆದುರಿಗೆ! ಅತ್ತೆ ಗಾಬರಿಯಲ್ಲಿ ಬಾಯಿಗೆ ತೆಲುಗೇ ಬಂದು "ವದ್ದಮ್ಮಾ, ತೆಗೀಬೇಡ, ಹಾಕ್ಕೋ ಹಾಕ್ಕೋ" ಎಂದು ಕೈ ಚಾಚಿದರು. ಹುಡುಗಿ ಅವರನ್ನು ದಾಟಿ ಹೋಗಿ ಮೂಗುಬೊಟ್ಟನ್ನು ಅತ್ತಿಗೆಯ ಅಂಗೈಯಲ್ಲಿಟ್ಟಳು.

"ಅತ್ತೆ ಬೇಡ ಅಂದ್ರು, ಅದಕ್ಕೇ ಈಗ ಕೊಡ್ತಾ ಇದೀನಿ. ಕೇಳಿದಾಗ ಕೊಟ್ಟಿದ್ರೆ ನಮ್ಮಮ್ಮನ್ನ ನಾನೂ ಅನುಮಾನ ಪಟ್ಟಂಗೆ ಆಗ್ತಿತ್ತು. ನೀವೇ ತಗೊಂಡೋಗಿ ತೋರ್ಸಿ ಅತ್ತಿಗೆ. ಆಚಾರಿ ವಜ್ರ ಅಂತ ಹೇಳಿದ್ಮೇಲೆ ಕೆಂಚಾರ್ಲಹಳ್ಳಿಗೆ ಹೋಗಿ ನಮ್ಮಮ್ಮನ ಕೈಗೆ ಕೊಟ್ಟು ಬನ್ನಿ. ಅವಳೇ ಬಂದು ನಂಗೆ ಹಾಕ್ಲಿ."

ಅತ್ತಿಗೆಯ ಅಂಗೈ ಮುಚ್ಚಲೂ ಇಲ್ಲ, ಮುಂದೆ ಚಾಚಿ ವಾಪಸು ಕೊಡಲೂ ಇಲ್ಲ. ಹುಡುಗಿ ಸ್ಟೂಲ್ ಎಳೆದು ಹತ್ತಿ, ಗೋಡೆಯ ಮೇಲಿದ್ದ ಫ್ರೇಮನ್ನು ತಾನೇ ಇಳಿಸಿ, "ಹೊಸದನ್ನ ಇದ್ರೊಳಗೆ ಹಾಕ್ಕೊಡಿ ಅಕ್ಕ" ಎಂದು ನನ್ನ ಕೈಗೆ ಕೊಟ್ಟಳು.